ಮುಖ್ಯ ಲೇಖನ ಬಿಟ್ಟು ಹೋಗಬಾರದ ವಾಕ್ಯಗಳು

2020ರ ಆಗಸ್ಟ್‌ನಲ್ಲಿ ಪುಣೆಯ ಸೆರೋ ಸಮೀಕ್ಷೆಯ ಫಲಿತಾಂಶ ಹೊರಬಂದಾಗ ಊರಿನ ಬಾಯಲ್ಲಿ ಉಳಿದದ್ದು ಒಂದೇ ಅಂಕಿ: ಶೇ 51. ಪುಣೆಯ ಅರ್ಧದಷ್ಟು ಜನಕ್ಕೆ ಆಗಲೇ ಕೊರೊನಾ ಬಂದು ಹೋಗಿದೆ ಎಂಬ ಮಾತು ಹಬ್ಬಿತು. ಸಮೀಕ್ಷೆ ಹೇಳಿದ್ದು ಅದನ್ನಲ್ಲ. ಐಸರ್, ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ ಮತ್ತಿತರ ಸಂಸ್ಥೆಗಳು ಜುಲೈ 20ರಿಂದ ಆಗಸ್ಟ್ 5ರವರೆಗೆ ರಕ್ತದ ಮಾದರಿ ತೆಗೆದದ್ದು ಸೋಂಕು ಹೆಚ್ಚಾಗಿದ್ದ ಐದು ಪ್ರಭಾಗಗಳಲ್ಲಿ ಮಾತ್ರ, ಒಟ್ಟು 1,664 ಜನರಿಂದ. ಯೆರವಡಾ, ಕಸಬಾ ಪೇಠ್–ಸೋಮವಾರ ಪೇಠ್, ರಾಸ್ತಾ ಪೇಠ್–ರವಿವಾರ ಪೇಠ್, ಲೋಹಿಯಾನಗರ–ಕಾಸೇವಾಡಿ, ನವೀಪೇಠ್–ಪರ್ವತಿ: ಇವೇ ಆ ಐದು. ಇವುಗಳ ನಡುವೆಯೂ ಅಂಕಿ ಶೇ 36ರಿಂದ 65ರವರೆಗೆ ಹರಡಿತ್ತು. ನಮ್ಮ ಕೊಂಢವಾ ಆ ಪಟ್ಟಿಯಲ್ಲಿ ಇರಲಿಲ್ಲ. ಕೊಂಢವಾದ ಫ್ಲ್ಯಾಟಿನಲ್ಲಿ ಕೂತು ‘ನಮ್ಮಲ್ಲೂ ಅರ್ಧ ಜನಕ್ಕೆ ಬಂದಿದೆ’ ಎಂದುಕೊಂಡವರಿಗೆ ಆ ಅಂಕಿಯಲ್ಲಿ ಯಾವ ಆಧಾರವೂ ಇರಲಿಲ್ಲ.

ವರದಿ ಬರೆದವರು ಐದು ಪ್ರಭಾಗಗಳ ಹೆಸರನ್ನು ಮುಚ್ಚಿಡಲಿಲ್ಲ, ಎದುರಿಗೇ ಹೇಳಿದರು. ಆದರೂ ಅಂಕಿ ಒಂದು ಕಡೆ ಹೋಯಿತು, ಅದು ಯಾರ ಅಂಕಿ ಎಂಬ ವಾಕ್ಯ ಇನ್ನೊಂದು ಕಡೆ ಉಳಿಯಿತು. ಒಂದೇ ಪುಟದಲ್ಲಿದ್ದ ಎರಡು ವಾಕ್ಯಗಳಿಗೆ ಈ ಗತಿಯಾದರೆ, ಎರಡನೆಯದನ್ನು ಬರೆದವರೇ ಬೇರೆ ಫೈಲಿಗೆ ಹಾಕಿ, ‘ವಿವರಗಳಿಗೆ ಆನ್‌ಲೈನ್ ಪೂರಕ ನೋಡಿ’ ಎಂದು ಮುಂದೆ ಹೋದಾಗ ಏನಾದೀತು?

ಹಾಗೆ ಮಾಡುವುದು ಈಗ ವಾಡಿಕೆಯಾಗುತ್ತಿದೆ. ದೊಡ್ಡ ಪತ್ರಿಕೆಗಳಲ್ಲಿ ಬಹಳ ವರ್ಷಗಳಿಂದ ಇರುವ ಪದ್ಧತಿ ಈಗ ಕಾಲೇಜುಗಳ ನಿಯತಕಾಲಿಕಗಳಿಗೆ, ಸಮ್ಮೇಳನಗಳ ಸಂಪುಟಗಳಿಗೆ, ಇಲಾಖೆಗಳ ವರದಿಗಳಿಗೆ ಇಳಿಯುತ್ತಿದೆ. ನಮ್ಮ ಈ ಭಾಗದಲ್ಲಿ ಸಂಶೋಧನೆ ಬರೆಯುವವರಿಗೆ ಕಡಿಮೆಯಿಲ್ಲ. ಕೊಂಢವಾ ಖುರ್ದ್‌ನಲ್ಲಿ ರಾಷ್ಟ್ರೀಯ ಬ್ಯಾಂಕ್ ನಿರ್ವಹಣಾ ಸಂಸ್ಥೆ ಇದೆ, ಬುದ್ರುಕ್ ಕಡೆಗೆ ಎಂಜಿನಿಯರಿಂಗ್ ಕಾಲೇಜುಗಳಿವೆ, ಅವುಗಳಲ್ಲಿ ಓದುವ, ಕಲಿಸುವ ಕನ್ನಡಿಗರೂ ಇದ್ದಾರೆ. ಪದಮಿತಿ ಬಿಗಿಯಾದಾಗ ಅವರ ಕತ್ತರಿ ಮೊದಲು ಬೀಳುವುದು ‘ವಿಧಾನ’ ಎಂಬ ಭಾಗದ ಮೇಲೆ. ಈ ರೂಢಿ ಬೇರು ಬಿಡುವ ಮೊದಲೇ ಎಚ್ಚರಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಪೂರಕ ಸಾಮಗ್ರಿ ಬೇಡ ಎಂಬುದು ನನ್ನ ವಾದವಲ್ಲ. ಅಲ್ಲಿಗೆ ಏನು ಹೋಗಬೇಕು, ಏನು ಹೋಗಲೇಬಾರದು ಎಂಬುದನ್ನು ತೀರ್ಮಾನಿಸದೆ ಸಾಗಿಸುತ್ತಿದ್ದೇವೆ ಎಂಬುದೇ ಆತಂಕ.

ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆಯೊಂದಿದೆ. ಅದೇ 2020ರಲ್ಲಿ ಕರ್ನಾಟಕದಲ್ಲಿ ಎರಡು ಸೆರೋ ಸಮೀಕ್ಷೆಗಳು ನಡೆದವು. ಒಂದನ್ನು ಮನೋಜ್ ಮೋಹನನ್, ಅನೂಪ್ ಮಲಾನಿ ಮತ್ತು ಸಂಗಡಿಗರು ಜೂನ್ 15ರಿಂದ ಆಗಸ್ಟ್ 29ರ ನಡುವೆ ಮಾಡಿದರು. ಅದು 2021ರಲ್ಲಿ ಜಾಮಾ ಪತ್ರಿಕೆಯಲ್ಲಿ ಸಂಶೋಧನಾ ಪತ್ರವಾಗಿ ಬಂತು. ಅವರ ಅಂದಾಜಿನ ಪ್ರಕಾರ ರಾಜ್ಯದ ಶೇ 46.7 ಜನರಲ್ಲಿ ಪ್ರತಿಕಾಯವಿತ್ತು, ಅಂದರೆ ಸುಮಾರು 3.15 ಕೋಟಿ ಜನ. ಇನ್ನೊಂದನ್ನು ರಾಜ್ಯ ಸರ್ಕಾರ ಸೆಪ್ಟೆಂಬರ್ 3ರಿಂದ 16ರವರೆಗೆ ನಡೆಸಿತು. ನವೆಂಬರ್‌ನಲ್ಲಿ ಅದರ ಫಲಿತಾಂಶ ಪ್ರಕಟವಾದಾಗ ಒಟ್ಟು ಪ್ರಮಾಣ ಸುಮಾರು ಶೇ 27, ಅಂದರೆ ಸುಮಾರು 1.93 ಕೋಟಿ ಜನ. ಆಗ ಸೋಂಕು ಇದ್ದವರನ್ನೂ ಸೇರಿಸಿದ ಲೆಕ್ಕ ಅದು. ಪ್ರತಿಕಾಯ ಮಾತ್ರ ಎಣಿಸಿದರೆ ಶೇ 16ರ ಆಸುಪಾಸು.

ಎರಡನೆಯ ಸಮೀಕ್ಷೆ ನಡೆದದ್ದು ಮೊದಲನೆಯದರ ನಂತರ. ಸೋಂಕು ತಗಲಿದವರ ಒಟ್ಟು ಸಂಖ್ಯೆ ದಿನ ಕಳೆದಂತೆ ಏರಬಹುದೇ ಹೊರತು ಇಳಿಯಲಾರದು. ಹಾಗಿದ್ದರೂ ನಡುವೆ ಕೋಟಿಗೂ ಮೀರಿದ ವ್ಯತ್ಯಾಸ. ಎರಡು ಅಂಕಿಗಳನ್ನು ಮಾತ್ರ ಕಂಡ ಓದುಗನಿಗೆ ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಎನಿಸುವುದು ಸಹಜ.

ಬಿಡಿಸಿ ನೋಡಿದರೆ ಮೂರು ಬೇರೆ ಬೇರೆ ಸಂಗತಿಗಳು ಕಾಣುತ್ತವೆ. ಯಾರನ್ನು ಎಣಿಸಿದರು ಎಂಬುದು ಮೊದಲನೆಯದು. ಮೋಹನನ್ ತಂಡ ಸಿಎಂಐಇ ಸಂಸ್ಥೆಯ ಕುಟುಂಬ ಸಮೀಕ್ಷೆಯ ಪಟ್ಟಿಯಿಂದ ಮನೆಗಳನ್ನು ಆರಿಸಿಕೊಂಡಿತು. ಸರ್ಕಾರದ ಸಮೀಕ್ಷೆ ಜನರನ್ನು ಅಪಾಯದ ಮಟ್ಟದಂತೆ ಮೂರು ಗುಂಪು ಮಾಡಿತು. ಆಸ್ಪತ್ರೆಗೆ ತಪಾಸಣೆಗೆ ಬಂದ ಗರ್ಭಿಣಿಯರು ಮತ್ತು ಹೊರರೋಗಿಗಳ ಜೊತೆಗೆ ಬಂದವರು ಒಂದು ಗುಂಪು, ಬಸ್ ಕಂಡಕ್ಟರ್‌ಗಳು, ಮಾರುಕಟ್ಟೆಯ ವ್ಯಾಪಾರಿಗಳು, ಪೌರಕಾರ್ಮಿಕರಂಥವರು ಇನ್ನೊಂದು, ವಯಸ್ಸಾದವರು ಮತ್ತು ಬೇರೆ ಕಾಯಿಲೆಯಿದ್ದವರು ಮತ್ತೊಂದು. ಎರಡನೆಯ ಸಂಗತಿ ಕಿಟ್‌. ಸರ್ಕಾರ ಬಳಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೂಪಿಸಿದ ಕೋವಿಡ್ ಕವಚ್, ಅದು ಇಡೀ ವೈರಾಣುವಿನ ವಿರುದ್ಧದ ಪ್ರತಿಕಾಯವನ್ನು ಹುಡುಕುತ್ತದೆ. ಮೋಹನನ್ ತಂಡದ ಪರೀಕ್ಷೆ ವೈರಾಣುವಿನ ಮುಳ್ಳಿನ ಒಂದು ತುಂಡಿಗೆ ಎದುರಾಗಿ ಹುಟ್ಟುವ ಪ್ರತಿಕಾಯವನ್ನು ಹುಡುಕುವಂಥದ್ದು. ಮೂರನೆಯದು ಸಿಕ್ಕ ಕಚ್ಚಾ ಅಂಕಿಯನ್ನು ತಿದ್ದಿದ ಬಗೆ.

ಈ ಮೂರನೆಯದರ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಪೂರಕಕ್ಕೆ ಮೊದಲು ಹೋಗುವುದು ಇದೇ. ಯಾವ ಕಿಟ್ ಕೂಡ ಪೂರ್ತಿ ಸರಿಯಿರುವುದಿಲ್ಲ. ಸೋಂಕು ಬಂದಿದ್ದವರಲ್ಲಿ ಕೆಲವರನ್ನು ಬಿಟ್ಟುಬಿಡುತ್ತದೆ, ಬಾರದವರಲ್ಲಿ ಕೆಲವರನ್ನು ಹಿಡಿಯುತ್ತದೆ. ಬಂದವರಲ್ಲಿ ಎಷ್ಟು ಪಾಲನ್ನು ಹಿಡಿಯುತ್ತದೆ ಎಂಬುದು ಸಂವೇದನೆ, Se. ಬಾರದವರಲ್ಲಿ ಎಷ್ಟು ಪಾಲನ್ನು ಸರಿಯಾಗಿ ಬಿಡುತ್ತದೆ ಎಂಬುದು ನಿರ್ದಿಷ್ಟತೆ, Sp. ಕಚ್ಚಾ ಪ್ರಮಾಣ p ಇದ್ದರೆ ತಿದ್ದಿದ ಪ್ರಮಾಣ ಹೀಗೆ ಬರುತ್ತದೆ:

```
(p + Sp − 1) / (Se + Sp − 1)
```

ಲೆಕ್ಕಕ್ಕಾಗಿ ಒಂದು ಊರಿನಲ್ಲಿ ನೂರಕ್ಕೆ 20 ಮಾದರಿ ಪಾಸಿಟಿವ್ ಬಂದವು ಎನ್ನೋಣ. ನಿರ್ದಿಷ್ಟತೆ 0.979, ಸಂವೇದನೆ 0.92 ಎಂದು ಹಿಡಿದರೆ ಉತ್ತರ ಶೇ 19.9, ಕಚ್ಚಾ ಅಂಕಿಗೆ ಹೆಚ್ಚು ಕಡಿಮೆ ಸಮ. ಆದರೆ ಕಿಟ್‌ಗಳನ್ನು ಸಾಮಾನ್ಯವಾಗಿ ಪರೀಕ್ಷಿಸುವುದು ಆಸ್ಪತ್ರೆ ಸೇರಿದ, ಪ್ರತಿಕಾಯ ಜೋರಾಗಿ ಹುಟ್ಟಿದ ರೋಗಿಗಳ ರಕ್ತದಲ್ಲಿ. ಊರಿನಲ್ಲಿ ಲಕ್ಷಣವೇ ಇಲ್ಲದೆ ಸೋಂಕು ಬಂದು ಹೋದವರಲ್ಲಿ ಪ್ರತಿಕಾಯ ಕಡಿಮೆ, ತಿಂಗಳು ಕಳೆದರೆ ಇನ್ನೂ ಕಡಿಮೆ. ಅಂಥವರಲ್ಲಿ ಕಿಟ್‌ನ ನಿಜವಾದ ಸಂವೇದನೆ 0.60 ಮಾತ್ರ ಎಂದು ಹಿಡಿದು ನೋಡಿ: ಅದೇ 20 ಪಾಸಿಟಿವ್‌ಗೆ ಉತ್ತರ ಶೇ 30.9. ರಕ್ತ ಅದೇ, ಜನ ಅವರೇ, ಎಣಿಕೆಯೂ ಅದೇ. ಒಂದು ಊಹೆ ಬದಲಾಯಿತು, ಫಲಿತಾಂಶ ಒಂದೂವರೆ ಪಟ್ಟಾಯಿತು. ಆ ಊಹೆ ಏನು ಎಂಬುದು ಪೂರಕ ಫೈಲಿನ ಹನ್ನೊಂದನೇ ಪುಟದ ಅಡಿಟಿಪ್ಪಣಿಯಲ್ಲಿದ್ದರೆ, ಮುಖ್ಯ ಲೇಖನ ಓದಿದವನಿಗೆ ಶೇ 31 ಎಂಬುದು ಅಳತೆ ಮಾಡಿ ಸಿಕ್ಕ ಅಂಕಿಯಂತೆ ಕಾಣುತ್ತದೆ.

ಜಾಮಾದಲ್ಲಿ ಸಂಶೋಧನಾ ಪತ್ರಕ್ಕೆ ಇರುವ ಮಿತಿ 600 ಪದ. ರಾಜ್ಯ ಮಟ್ಟದ ಸಮೀಕ್ಷೆಯ ವಿಧಾನವೆಲ್ಲ ಅಷ್ಟರಲ್ಲಿ ಹಿಡಿಯುವುದಿಲ್ಲ, ಹಾಗಾಗಿ ವಿಸ್ತಾರವಾದ ವಿಧಾನ ಪೂರಕದಲ್ಲಿದೆ. ಅದರಲ್ಲಿ ತಪ್ಪಿಲ್ಲ. ಮನೆಗಳನ್ನು ಎಲ್ಲಿಂದ ಆರಿಸಿದರು, ಯಾವ ದಿನಗಳಲ್ಲಿ, ಯಾವ ಬಗೆಯ ಪ್ರತಿಕಾಯ, ಅಂಕಿಯನ್ನು ತಿದ್ದಲಾಗಿದೆ ಎಂಬ ಸೂಚನೆ, ಇವು ಪತ್ರದೊಳಗೇ ಇವೆ. ತೂಕಗಳನ್ನು ಲೆಕ್ಕ ಹಾಕಿದ ಸಮೀಕರಣಗಳು ಹೊರಗಿವೆ. ನಾನು ಕೇಳುವುದು ಇಂಥ ವಿಂಗಡಣೆಯನ್ನೇ: ಅಂಕಿಯನ್ನು ನಂಬಬೇಕೋ ಬೇಡವೋ ಎಂದು ಓದುಗ ತೀರ್ಮಾನಿಸಲು ಬೇಕಾದದ್ದು ಒಳಗೆ, ಅದೇ ಕೆಲಸವನ್ನು ಇನ್ನೊಬ್ಬ ತಾನೇ ಮತ್ತೆ ಮಾಡಿ ನೋಡಲು ಬೇಕಾದದ್ದು ಹೊರಗೆ.

ಕೇಳಲು ಸುಲಭ. ಕತ್ತರಿ ಹಿಡಿದು ಕೂತಾಗ ಹೇಗೆ ಜಾರುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ತೋರಿಸುತ್ತೇನೆ. ಕೊಂಢವಾದ ಮನೆಗಳಿಗೆ ಬರುವ ಟ್ಯಾಂಕರ್ ನೀರಿನ ಬಗ್ಗೆ ಒಬ್ಬ ವಿದ್ಯಾರ್ಥಿನಿ ಪ್ರಬಂಧ ಬರೆಯುತ್ತಾಳೆ ಎಂದುಕೊಳ್ಳಿ. 240 ಮನೆಗಳಿಗೆ ಹೋದಳು, 180 ಮನೆಯವರು ಒಪ್ಪಿದರು, 54 ಮಾದರಿಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು. ಭಾರತೀಯ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿ ನೀರಿನಲ್ಲಿ ಅದು ಒಂದೂ ಕಾಣಬಾರದು. 54ನ್ನು 180ರಿಂದ ಭಾಗಿಸಿ ಶೇ 30 ಎಂದು ಬರೆದಳು. ಕರಡು ಉದ್ದವಾಯಿತು, ಮಾರ್ಗದರ್ಶಕರು ವಿಧಾನವನ್ನು ಪೂರಕಕ್ಕೆ ಕಳಿಸು ಎಂದರು. ಮುಖ್ಯ ಲೇಖನದಲ್ಲಿ ಉಳಿದದ್ದು ಇಷ್ಟು: ‘ಕೊಂಢವಾದ 180 ಮನೆಗಳ ನೀರನ್ನು ಪ್ರಮಾಣಿತ ವಿಧಾನದಿಂದ ಪರೀಕ್ಷಿಸಲಾಯಿತು (ವಿವರಗಳಿಗೆ ಪೂರಕ ನೋಡಿ). ಶೇ 30 ಮಾದರಿಗಳು ಕಲುಷಿತ.’

ಈ ಎರಡು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲ. ಹೊರಗೆ ಹೋದದ್ದೇನು ನೋಡಿ. ಒಪ್ಪದ 60 ಮನೆಗಳಲ್ಲಿ 45 ದೊಡ್ಡ ಹೌಸಿಂಗ್ ಸೊಸೈಟಿಗಳವು, ಅಲ್ಲಿ ಕಾರ್ಯದರ್ಶಿ ಒಳಗೇ ಬಿಡಲಿಲ್ಲ. ಮಾದರಿ ತೆಗೆದದ್ದು ಟ್ಯಾಂಕರ್‌ನ ಪೈಪಿನ ಬಾಯಲ್ಲಲ್ಲ, ಅಡುಗೆಮನೆಯ ನಲ್ಲಿಯಲ್ಲಿ. ಹಾಗಾಗಿ ಕೊಳೆ ಟ್ಯಾಂಕರ್‌ನದೋ ಕಟ್ಟಡದ ಮೇಲಿನ ತೊಟ್ಟಿಯದೋ ಹೇಳಲಾಗದು. ತಿಂಗಳು ಮೇ, ಮಳೆಗಾಲವಲ್ಲ. ಇವಿಷ್ಟೂ ಪೂರಕದಲ್ಲಿ ಪ್ರಾಮಾಣಿಕವಾಗಿ ಬರೆದಿವೆ, ಕೋಷ್ಟಕ S2ರಲ್ಲಿ, S4ರ ಅಡಿಯಲ್ಲಿ. ಆದರೆ ವಾರ್ಡ್ ಕಚೇರಿಗೆ ತಲುಪುವುದು ಮುಖ್ಯ ಲೇಖನ. ‘ಟ್ಯಾಂಕರ್‌ನವರ ಮೇಲೆ ಕ್ರಮ’ ಎಂಬ ತೀರ್ಮಾನ ಅದರಿಂದ ಹುಟ್ಟಿದರೆ, ಆ ತೀರ್ಮಾನಕ್ಕೆ ಬೇಕಿದ್ದ ಒಂದು ಮಾಹಿತಿ, ಮಾದರಿ ತೆಗೆದ ಜಾಗ, ತೀರ್ಮಾನ ಮಾಡಿದವರ ಕಣ್ಣಿಗೇ ಬಿದ್ದಿರುವುದಿಲ್ಲ.

ಅದೇ ಜಾಗದಲ್ಲಿ ಏನು ಬರೆಯಬಹುದಿತ್ತು? ‘ಮೇ ತಿಂಗಳಲ್ಲಿ ಟ್ಯಾಂಕರ್ ನೀರು ತರಿಸುವ 240 ಮನೆಗಳಿಗೆ ಹೋದೆವು. 180 ಮನೆಯವರು ಒಪ್ಪಿದರು, ಒಪ್ಪದ 60ರಲ್ಲಿ 45 ದೊಡ್ಡ ಸೊಸೈಟಿಗಳವು (ಕೋಷ್ಟಕ S2). ಅಡುಗೆಮನೆಯ ನಲ್ಲಿಯಿಂದ ಮಾದರಿ ತೆಗೆದೆವು. ಆದ್ದರಿಂದ ಟ್ಯಾಂಕರ್ ಮತ್ತು ಕಟ್ಟಡದ ತೊಟ್ಟಿ ಇವೆರಡರ ಪಾಲನ್ನು ಬೇರ್ಪಡಿಸಲಾಗದು. 100 ಮಿಲಿಯಲ್ಲಿ ಒಂದು ಇ. ಕೋಲಿ ಕಂಡರೂ ಕಲುಷಿತ ಎಂದು ಎಣಿಸಿದೆವು. ಪರೀಕ್ಷೆಯ ಹಂತಗಳು ಪೂರಕದ S1 ಭಾಗದಲ್ಲಿವೆ. 180ರಲ್ಲಿ 54 ಮಾದರಿಗಳು (ಶೇ 30) ಕಲುಷಿತ.’ ಸುಮಾರು ಐವತ್ತು ಪದಗಳು. ಯಾವ ಪದಮಿತಿಗೂ ಇದು ಭಾರವಲ್ಲ. ನೀರು ಸೋಸುವ ಪೊರೆಯ ರಂಧ್ರದ ಅಳತೆ, ಕಾವು ಕೊಟ್ಟ ಉಷ್ಣತೆ ಮತ್ತು ಗಂಟೆಗಳು, ಪೂರ್ತಿ ಪ್ರಶ್ನಾವಳಿ, ಸೊಸೈಟಿವಾರು ಹನ್ನೆರಡು ಕೋಷ್ಟಕಗಳು ನೆಮ್ಮದಿಯಾಗಿ ಪೂರಕಕ್ಕೆ ಹೋಗಲಿ. ಅವು ಅಲ್ಲಿದ್ದರೇ ಚೆನ್ನ. ಅಲ್ಲಿ ಜಾಗದ ಕೊರತೆಯಿಲ್ಲವಾದ್ದರಿಂದ ಪ್ರಯೋಗಾಲಯದವರಿಗೆ ಬೇಕಾದಷ್ಟು ವಿಸ್ತಾರವಾಗಿ ಬರೆಯಬಹುದು.

ಕೋಷ್ಟಕಗಳ ವಿಷಯದಲ್ಲಿ ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹೆಚ್ಚುವರಿ ಕೋಷ್ಟಕ ಮುಖ್ಯ ಫಲಿತಾಂಶವನ್ನು ಬೆಂಬಲಿಸಿದರೆ ಅದಕ್ಕೊಂದು ಉಲ್ಲೇಖ ಸಾಕು. ಅಲುಗಾಡಿಸಿದರೆ ಸಾಲದು. ಬೇರೆ ಊಹೆ ಹಿಡಿದು ಲೆಕ್ಕ ಹಾಕಿದಾಗ ಶೇ 20 ಇದ್ದದ್ದು 31 ಆಯಿತು ಎಂದು S7 ಕೋಷ್ಟಕ ಹೇಳುತ್ತಿದ್ದರೆ, ಆ 31 ಎಂಬ ಅಂಕಿ ಮುಖ್ಯ ಪಠ್ಯದಲ್ಲಿ, ಸಾಧ್ಯವಾದರೆ ಸಾರಾಂಶದಲ್ಲೇ, ಕಾಣಬೇಕು. ‘ಸೂಕ್ಷ್ಮತಾ ವಿಶ್ಲೇಷಣೆಗೆ ಪೂರಕ ನೋಡಿ’ ಎಂಬ ಸಾಲಿನ ಹಿಂದೆ ಅಂಥ ಅಂಕಿ ಕೂತಿದ್ದರೆ ಅದನ್ನು ಮರೆಮಾಚುವಿಕೆ ಎಂದೇ ಕರೆಯುತ್ತೇನೆ, ಬರೆದವರ ಉದ್ದೇಶ ಏನೇ ಇರಲಿ.

ಹೊರಗೆ ಹೋದದ್ದಕ್ಕೆ ಏನಾಗುತ್ತದೆ ಎಂಬುದರ ಅನುಭವ ಜಗತ್ತಿಗೆ ಆಗಲೇ ಇದೆ. ಅಮೆರಿಕದ ಜರ್ನಲ್ ಆಫ್ ನ್ಯೂರೋಸೈನ್ಸ್ 2010ರ ನವೆಂಬರ್‌ನಿಂದ ಪೂರಕ ಸಾಮಗ್ರಿಯನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು. ಸಂಪಾದಕ ಜಾನ್ ಮಾನ್ಸೆಲ್ ಕೊಟ್ಟ ಕಾರಣ ನೇರವಾಗಿತ್ತು. ಪೂರಕಗಳು ಲೇಖನದಷ್ಟೇ ದಪ್ಪವಾಗುತ್ತಿದ್ದವು, ವಿಮರ್ಶಕರಿಗೆ ಅವನ್ನು ಸರಿಯಾಗಿ ಪರಿಶೀಲಿಸಲು ಆಗುತ್ತಿರಲಿಲ್ಲ, ಇನ್ನಷ್ಟು ಪ್ರಯೋಗ ಸೇರಿಸಿ ಎಂದು ಕೇಳುವುದು ಮಾತ್ರ ಸುಲಭವಾಗಿತ್ತು. ಅಷ್ಟು ಕಠಿಣವಾದ ಹಾದಿ ಎಲ್ಲರಿಗೂ ಬೇಕಿಲ್ಲ. 2013ರಲ್ಲಿ ಅಮೆರಿಕದ ಮಾಹಿತಿ ಮಾನದಂಡ ಸಂಸ್ಥೆ ನಿಸೊ ಮಾಡಿದ ಶಿಫಾರಸು ಹೆಚ್ಚು ಉಪಯುಕ್ತ. ಲೇಖನದ ತಿರುಳು ಅರ್ಥವಾಗಲು ಅಗತ್ಯವಾದದ್ದು ಬೇರೆ, ತಿಳಿವನ್ನು ಹೆಚ್ಚಿಸುವ ಹೆಚ್ಚುವರಿ ಬೇರೆ ಎಂದು ಅದು ಗೆರೆ ಎಳೆಯಿತು. ಮೊದಲನೆಯದು ಎಲ್ಲೇ ಇದ್ದರೂ ಲೇಖನದಷ್ಟೇ ಜೋಪಾನವಾಗಿ ಪರಿಶೀಲಿಸಿ, ಸಂಪಾದಿಸಿ, ಕಾಪಾಡಬೇಕು ಎಂದಿತು.

ಯಾರೂ ನೋಡದ ಫೈಲಿನಲ್ಲಿ ತಪ್ಪು ಹೇಗೆ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ 2016ರಲ್ಲಿ ಸಿಕ್ಕಿತು. ಆಸ್ಟ್ರೇಲಿಯಾದ ಮಾರ್ಕ್ ಝೀಮನ್ ಮತ್ತು ಇಬ್ಬರು ಸಹಲೇಖಕರು ವಂಶವಾಹಿ ವಿಜ್ಞಾನದ ಲೇಖನಗಳ ಜೊತೆಗಿದ್ದ ಎಕ್ಸೆಲ್ ಪೂರಕಗಳನ್ನು ಜಾಲಾಡಿದರು. ಜೀನ್ ಪಟ್ಟಿಯಿದ್ದ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಹೆಸರುಗಳು ಕೆಟ್ಟಿದ್ದವು. SEPT2 ಎಂಬ ಜೀನನ್ನು ಎಕ್ಸೆಲ್ ತಾನಾಗಿ 2-Sep ಎಂಬ ದಿನಾಂಕ ಮಾಡಿತ್ತು, MARCH1 ಎಂಬುದು 1-Mar ಆಗಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ SEPTIN2, MARCHF1 ಎಂದು ಬದಲಿಸಬೇಕಾಯಿತು. ಮುಖ್ಯ ಕೋಷ್ಟಕದ ಮೊದಲ ಸಾಲಿನಲ್ಲಿ ಜೀನ್ ಹೆಸರಿನ ಜಾಗದಲ್ಲಿ ದಿನಾಂಕ ಅಚ್ಚಾಗಿದ್ದರೆ ಯಾವ ವಿಮರ್ಶಕನೂ ಸುಮ್ಮನಿರುತ್ತಿರಲಿಲ್ಲ. ಪೂರಕ ಫೈಲುಗಳನ್ನು ತೆರೆದು ನೋಡಿದವರೇ ಕಡಿಮೆ.

ನಮ್ಮ ಸುತ್ತಿನ ಸಣ್ಣ ನಿಯತಕಾಲಿಕಗಳಲ್ಲಿ ಇದಕ್ಕಿಂತ ಸರಳವಾದ, ಹೆಚ್ಚು ಹಾನಿ ಮಾಡುವ ತೊಂದರೆಯೊಂದಿದೆ. ಪೂರಕ ಎಂದರೆ ಲೇಖಕನ ಗೂಗಲ್ ಡ್ರೈವ್‌ನ ಕೊಂಡಿ. ಕ್ಲಿಕ್ ಮಾಡಿದರೆ ಅನುಮತಿ ಕೇಳುತ್ತದೆ. ವಿದ್ಯಾರ್ಥಿ ಕಾಲೇಜು ಬಿಟ್ಟರೆ ಕಾಲೇಜಿನ ಖಾತೆ ಮುಚ್ಚುತ್ತದೆ, ಅದರ ಜೊತೆ ಫೈಲೂ ಹೋಗುತ್ತದೆ. ಅಚ್ಚಾದ ನಂತರ ಲೇಖಕ ಅದೇ ಕೊಂಡಿಯಲ್ಲಿ ಅಂಕಿ ಬದಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಪರಿಹಾರ ದುಬಾರಿಯಲ್ಲ. ಸರ್ನ್ ನಡೆಸುವ ಝೆನೋಡೊದಂಥ ಭಂಡಾರದಲ್ಲಿ ಉಚಿತವಾಗಿ ಇಟ್ಟರೆ ಅದಕ್ಕೊಂದು ಶಾಶ್ವತ ಗುರುತು, ಡಿಒಐ, ಸಿಗುತ್ತದೆ. ತಿದ್ದಿದರೆ ಹೊಸ ಆವೃತ್ತಿಯಾಗಿ ಉಳಿಯುತ್ತದೆ, ಹಳೆಯದೂ ಇರುತ್ತದೆ. ಅಂಕಿಗಳ ಕೋಷ್ಟಕವನ್ನು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಅಲ್ಲದೆ CSV ಫೈಲಾಗಿ ಕೊಟ್ಟರೆ ಇನ್ನೊಬ್ಬರು ಅದನ್ನು ನೇರವಾಗಿ ಲೆಕ್ಕಕ್ಕೆ ಬಳಸಬಹುದು.

ಇನ್ನೊಂದು ನಷ್ಟ ಬೇರೆಯವರಿಗೆ ಆಗುವಂಥದ್ದು. ಪೂರಕದಲ್ಲಿ ಮಾತ್ರ ಉಲ್ಲೇಖಿಸಿದ ಕೃತಿಗಳನ್ನು ಉಲ್ಲೇಖ ಸೂಚಿಗಳು ಸಾಮಾನ್ಯವಾಗಿ ಎಣಿಸುವುದಿಲ್ಲ. ವಿಧಾನವನ್ನು ರೂಪಿಸಿದವರ ಹೆಸರು ವಿಧಾನದ ಜೊತೆ ಹೊರಗೆ ಹೋದರೆ ಅವರ ಶ್ರಮ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಬಳಸಿದ ಮುಖ್ಯ ವಿಧಾನದ ಮೂಲ ಲೇಖನವನ್ನಾದರೂ ಮುಖ್ಯ ಪಟ್ಟಿಯಲ್ಲಿ ಇಡಬೇಕು.

ಒಳಗಿರಬೇಕಾದ ವಾಕ್ಯ ಹೊರಗೆ ಹೋಗಿರುವುದನ್ನು ಸಂಪಾದಕರು ಮೊದಲೇ ಹಿಡಿಯಬಹುದು. ಮುಖ್ಯ ಲೇಖನವನ್ನು ಮಾತ್ರ ಕಾಗದದ ಮೇಲೆ ಅಚ್ಚು ಹಾಕಿ, ಪೂರಕ ಕೊಡದೆ, ಪಕ್ಕದ ವಿಭಾಗದ ಒಬ್ಬ ಅಧ್ಯಾಪಕರ ಕೈಗೆ ಕೊಡಿ. ಯಾರನ್ನು ಅಥವಾ ಏನನ್ನು ಎಣಿಸಿದ್ದಾರೆ, ಎಷ್ಟು ಜನ ಬಿಟ್ಟುಹೋದರು, ಹೇಗೆ ಅಳೆದರು, ಮುಖ್ಯ ಅಂಕಿ ಯಾವ ಊಹೆಯ ಮೇಲೆ ನಿಂತಿದೆ ಎಂದು ಕೇಳಿ. ಒಂದಕ್ಕಾದರೂ ಅವರು ‘ಇಲ್ಲಿ ಹೇಳಿಲ್ಲ’ ಎಂದರೆ ಲೇಖನ ಇನ್ನೂ ಸಿದ್ಧವಾಗಿಲ್ಲ. ಆಮೇಲೆ ತಿರುಗಿಸಿ ನೋಡಿ: ಪೂರಕದ ಪ್ರತಿ ಕೋಷ್ಟಕವನ್ನೂ ಮುಖ್ಯ ಪಠ್ಯದ ಯಾವುದಾದರೂ ವಾಕ್ಯ ಹೆಸರು ಹೇಳಿ ಕರೆಯುತ್ತಿದೆಯೇ? ‘ಪೂರಕ ನೋಡಿ’ ಎಂಬುದು ಕರೆಯಲ್ಲ, ‘ಕೋಷ್ಟಕ S2’ ಎಂಬುದು ಕರೆ. ಯಾವ ವಾಕ್ಯವೂ ಕರೆಯದ ಕೋಷ್ಟಕವಿದ್ದರೆ ಲೇಖಕರನ್ನು ಕೇಳಿ, ಅದು ಅಲ್ಲಿ ಏಕಿದೆ ಎಂದು. ಒಂದೋ ಅದರ ಅಗತ್ಯವಿಲ್ಲ, ಅಥವಾ ಅದರಲ್ಲಿರುವುದನ್ನು ಹೇಳುವ ವಾಕ್ಯವೊಂದು ಕತ್ತರಿಗೆ ಸಿಕ್ಕಿದೆ.

ಲೇಖನ ವಿಮರ್ಶೆಗೆ ಬಂದಾಗ ಪೂರಕವೂ ಜೊತೆಗೆ ಬರಬೇಕು, ‘ಸ್ವೀಕೃತವಾದ ಮೇಲೆ ಸೇರಿಸುತ್ತೇವೆ’ ಎಂಬ ಮಾತಿಗೆ ಒಪ್ಪಬಾರದು. ವಿಮರ್ಶಕರು ತಾವು ಪೂರಕವನ್ನು ಓದಿದ್ದೇವೋ ಇಲ್ಲವೋ, ಓದಿದ್ದರೆ ಯಾವ ಭಾಗವನ್ನು ಎಂದು ವರದಿಯಲ್ಲಿ ಬರೆಯಲಿ. ಹನ್ನೆರಡು ಕೋಷ್ಟಕಗಳಲ್ಲಿ ಎರಡನ್ನು ಮಾತ್ರ ನೋಡಿದ್ದರೆ ಹಾಗೆಂದೇ ಬರೆಯಲಿ, ಉಳಿದ ಹತ್ತನ್ನು ಇನ್ನೊಬ್ಬರಿಗೆ ಕಳಿಸಲು ಸಂಪಾದಕರಿಗೆ ಆಗ ಅವಕಾಶವಿರುತ್ತದೆ. ಪದಮಿತಿ ಇಡುವವರು ವಿಧಾನದ ಭಾಗವನ್ನು ಆ ಮಿತಿಯಿಂದ ಹೊರಗಿಡಲಿ, ಅಥವಾ ಮಿತಿಯನ್ನು ಇನ್ನೂರು ಪದ ಸಡಿಲಿಸಲಿ. ಆನ್‌ಲೈನ್ ಸಂಚಿಕೆಯಲ್ಲಿ ಆ ಇನ್ನೂರು ಪದಗಳಿಗೆ ಕಾಗದದ ಖರ್ಚು ಇಲ್ಲ. ಮುಂದಿನ ಸಂಚಿಕೆಗೆ ಲೇಖನ ಕರೆಯುವ ಮೊದಲೇ ಲೇಖಕರಿಗೆ ಕೊಡುವ ಸೂಚನೆಯಲ್ಲಿ ಇವನ್ನೆಲ್ಲ ಬರೆದು ಹಾಕಬಹುದು.